ದಯವಿಟ್ಟು ಆ ದೂರವಾಣಿ ಸಂಖ್ಯೆಯನ್ನು ಇಮೇಲ್‌ನಲ್ಲಿ ಬರೆಯಬೇಡಿ

ಗ್ರಾಹಕರಿಂದ ಹಣ ಪಡೆಯುವ ಎಲ್ಲ ಸಂಸ್ಥೆಗಳ ಹಣಕಾಸು ಮುಖ್ಯಸ್ಥರಿಗೆ,

ಮಾನ್ಯರೇ,

ನಾನು 18 ವರ್ಷಗಳಿಂದ ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ನಿಮ್ಮಂಥವರು ಕಳುಹಿಸುವ ಬಿಲ್ಲುಗಳನ್ನು ಒಪ್ಪಂದದೊಂದಿಗೆ ತಾಳೆ ನೋಡಿ ಹಣ ಪಾವತಿಸುವುದು ನನ್ನ ಕೆಲಸ. ಕಳೆದ ತಿಂಗಳು, ನಾವು 11 ವರ್ಷಗಳಿಂದ ವ್ಯವಹರಿಸುತ್ತಿರುವ ಒಂದು ಸಂಸ್ಥೆಯಿಂದ ಇಮೇಲ್ ಬಂತು. ಅದರಲ್ಲಿ ಹೀಗಿತ್ತು: ‘ನಮ್ಮ ಬ್ಯಾಂಕ್ ಖಾತೆಯ ವಿವರಗಳು ಬದಲಾಗಿವೆ. ಇನ್ನು ಮುಂದೆ ಎಲ್ಲ ಪಾವತಿಗಳನ್ನೂ ಕೆಳಗಿನ ಖಾತೆಗೇ ಮಾಡಬೇಕಾಗಿ ವಿನಂತಿ. ಈಚೆಗೆ ವಂಚನೆಗಳು ಹೆಚ್ಚುತ್ತಿರುವುದರಿಂದ, ಪಾವತಿಸುವ ಮೊದಲು ಈ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಿ.’ ಅದರ ಕೆಳಗೆ ಒಂದು ದೂರವಾಣಿ ಸಂಖ್ಯೆ, ಅದರ ಕೆಳಗೆ ಹೊಸ ಖಾತೆಯ ಸಂಖ್ಯೆ.

ಆ ಇಮೇಲ್ ಅಸಲಿಯೇ ಆಗಿತ್ತು. ಅವರು ನಿಜವಾಗಿಯೂ ಬ್ಯಾಂಕ್ ಬದಲಾಯಿಸಿದ್ದರು, ನಮ್ಮ ಒಳಿತಿಗೆಂದೇ ಆ ಎಚ್ಚರಿಕೆಯ ಸಾಲನ್ನು ಸೇರಿಸಿದ್ದರು. ಆದರೆ ಅದು ಅಸಲಿ ಎಂದು ತಿಳಿಯಲು ನಮಗೆ ನಾಲ್ಕು ದಿನ ಹಿಡಿಯಿತು. ನಾನು ಈ ಪತ್ರ ಬರೆಯುತ್ತಿರುವುದು ಅದು ನಕಲಿಯಾಗಿತ್ತು ಎಂಬ ಕಾರಣಕ್ಕಲ್ಲ, ಅಸಲಿಯಾಗಿತ್ತು ಎಂಬ ಕಾರಣಕ್ಕೆ. ಏಕೆಂದರೆ ಮೂರು ವರ್ಷಗಳ ಹಿಂದೆ ನಮ್ಮನ್ನು ಮುಳುಗಿಸಿದ ನಕಲಿ ಇಮೇಲ್ ನನ್ನ ಬಳಿ ಇನ್ನೂ ಇದೆ. ಎರಡನ್ನೂ ಮುದ್ರಿಸಿ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟು ನೋಡಿದೆ. ಸಂಸ್ಥೆಯ ಹೆಸರನ್ನು ಬೆರಳಿನಿಂದ ಮುಚ್ಚಿದರೆ ಯಾವುದು ಯಾವುದೆಂದು ನನಗೇ ಹೇಳಲಾಗಲಿಲ್ಲ. ನಕಲಿಯಲ್ಲೂ ವಂಚನೆಯ ಬಗ್ಗೆ ಎಚ್ಚರಿಕೆ ಇತ್ತು. ನಕಲಿಯಲ್ಲೂ ‘ಕರೆ ಮಾಡಿ ಖಚಿತಪಡಿಸಿಕೊಳ್ಳಿ’ ಎಂದಿತ್ತು.

ಆ ಪ್ರಕರಣ ನಡೆದ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನೀವು ಬರೆಯುವ ಪತ್ರ ನಮ್ಮ ಕಡೆ ಯಾವ ಸ್ಥಿತಿಯಲ್ಲಿ ಬಂದು ಬೀಳುತ್ತದೆ ಎಂಬುದು ಅದರಿಂದ ನಿಮಗೆ ಗೊತ್ತಾಗುತ್ತದೆ.

ನಮಗೆ ಸರಕು ಒದಗಿಸುತ್ತಿದ್ದ ಒಂದು ಸಂಸ್ಥೆಯಲ್ಲಿ ಬಿಲ್ಲು ಕಳುಹಿಸುವ ಉದ್ಯೋಗಿಯೊಬ್ಬರ ಪಾಸ್‌ವರ್ಡ್ ಯಾರದೋ ಕೈಗೆ ಸಿಕ್ಕಿತ್ತು. ಒಳಗೆ ಹೊಕ್ಕವನು ತಕ್ಷಣ ಏನನ್ನೂ ಮಾಡಲಿಲ್ಲ. ಸುಮ್ಮನೆ ಓದಿದ. ಯಾರು ಯಾರಿಗೆ ಬಿಲ್ಲು ಕಳುಹಿಸುತ್ತಾರೆ, ಯಾವ ತಾರೀಖಿಗೆ ಹಣ ಬರುತ್ತದೆ, ನಮ್ಮ ಕಡೆ ಯಾರು ಉತ್ತರಿಸುತ್ತಾರೆ, ಪತ್ರದ ಕೊನೆಯಲ್ಲಿ ಯಾವ ಮಾತು ಬರೆಯುತ್ತಾರೆ, ಎಲ್ಲವನ್ನೂ ವಾರಗಟ್ಟಲೆ ನೋಡಿಕೊಂಡ. ಜೊತೆಗೆ ಆ ಇನ್‌ಬಾಕ್ಸ್‌ನಲ್ಲಿ ಒಂದು ಚಿಕ್ಕ ನಿಯಮವನ್ನು ರಚಿಸಿಟ್ಟ: ನಮ್ಮ ಸಂಸ್ಥೆಯಿಂದ ಬರುವ ಯಾವ ಇಮೇಲ್ ಆದರೂ ‘ಓದಲಾಗಿದೆ’ ಎಂದು ಗುರುತಾಗಿ, ಯಾರೂ ತೆರೆಯದ ಒಂದು ಫೋಲ್ಡರಿಗೆ ತಾನಾಗಿಯೇ ಹೋಗಬೇಕು. ಇಂಥ ನಿಯಮ ಬರೆಯಲು ಯಾವ ವಿಶೇಷ ತಂತ್ರಾಂಶವೂ ಬೇಕಿಲ್ಲ. ಎಲ್ಲ ಇಮೇಲ್ ಸೇವೆಗಳಲ್ಲೂ ಇರುವ, ನಾವು ನೀವು ಜಾಹೀರಾತುಗಳನ್ನು ಬೇರ್ಪಡಿಸಲು ಬಳಸುವ ಸೌಲಭ್ಯವೇ ಅದು. ಅಲ್ಲಿಂದಾಚೆಗೆ ನಾವು ಬರೆದದ್ದು ಅವರಿಗೆ ಕಾಣುತ್ತಿರಲಿಲ್ಲ, ಅವನಿಗೆ ಮಾತ್ರ ಕಾಣುತ್ತಿತ್ತು.

ಮೊದಲ ಇಮೇಲ್ ಬಂದದ್ದು ಖಾತೆಯ ಬಗ್ಗೆ ಅಲ್ಲ. ‘ನಮ್ಮ ಕಚೇರಿಯ ದೂರವಾಣಿ ವ್ಯವಸ್ಥೆ ಬದಲಾಗುತ್ತಿದೆ, ಲೆಕ್ಕಪತ್ರಕ್ಕೆ ಸಂಬಂಧಿಸಿದ ವಿಚಾರಗಳಿಗೆ ಇನ್ನು ಈ ನೇರ ಸಂಖ್ಯೆಯನ್ನು ಬಳಸಿ’ ಎಂಬ ಒಂದೇ ಸಾಲು. ನಮ್ಮವರು ಪೂರೈಕೆದಾರರ ಕಡತದಲ್ಲಿ ಹಳೆಯ ಸಂಖ್ಯೆಯನ್ನು ಅಳಿಸಿ ಹೊಸದನ್ನು ಬರೆದರು. ದೂರವಾಣಿ ಸಂಖ್ಯೆ ಬದಲಾಯಿಸಲು ಮೇಲಧಿಕಾರಿಯ ಸಹಿ ಬೇಕು ಎಂಬ ನಿಯಮ ಆಗ ನಮ್ಮಲ್ಲಿ ಇರಲಿಲ್ಲ. ಖಾತೆ ಸಂಖ್ಯೆಗೆ ಮಾತ್ರ ಇತ್ತು. ಹಣಕ್ಕೂ ಫೋನ್ ನಂಬರಿಗೂ ಏನು ಸಂಬಂಧ ಎಂದು ಯಾರಿಗೂ ಅನ್ನಿಸಿರಲಿಲ್ಲ.

ಐದು ವಾರಗಳ ನಂತರ, ಪಾವತಿಗೆ ಮೂರು ದಿನ ಬಾಕಿ ಇರುವಾಗ, ಖಾತೆ ಬದಲಾವಣೆಯ ಇಮೇಲ್ ಬಂತು. ಅದೇ ವಿಳಾಸದಿಂದ, ನಾವು ನಿಜವಾಗಿ ನಡೆಸಿದ್ದ ಹಳೆಯ ಪತ್ರವ್ಯವಹಾರದ ಮುಂದುವರಿಕೆಯಾಗಿ, ಅದೇ ಲೆಟರ್‌ಹೆಡ್‌ನಲ್ಲಿ. ನಮ್ಮ ವಿಭಾಗದ ಕಿರಿಯ ಸಹೋದ್ಯೋಗಿ ನಿಯಮದಂತೆಯೇ ನಡೆದುಕೊಂಡಳು. ಫೋನ್ ಎತ್ತಿಕೊಂಡಳು, ಕಡತದಲ್ಲಿದ್ದ ಸಂಖ್ಯೆಗೇ ಕರೆ ಮಾಡಿದಳು. ಇಮೇಲ್‌ನಲ್ಲಿದ್ದ ಸಂಖ್ಯೆಯೂ ಅದೇ ಆಗಿತ್ತು, ಹಾಗಾಗಿ ಅನುಮಾನ ಇನ್ನಷ್ಟು ಕಡಿಮೆಯಾಯಿತು. ಆ ಕಡೆಯಿಂದ ಸೌಜನ್ಯದ ಧ್ವನಿ. ಇವಳು ಹೊಸ ಖಾತೆ ಸಂಖ್ಯೆಯನ್ನು ಪೂರ್ತಿ ಓದಿ ‘ಇದು ಸರಿಯೇ?’ ಎಂದು ಕೇಳಿದಳು. ‘ಹೌದು ಮೇಡಂ, ಸರಿಯಾಗಿದೆ, ಪರಿಶೀಲಿಸಿದ್ದಕ್ಕೆ ಧನ್ಯವಾದ’ ಎಂದರು. ಅವಳು ಕರೆಯ ಸಮಯವನ್ನೂ ಮಾತನಾಡಿದವರ ಹೆಸರನ್ನೂ ಬಿಲ್ಲಿನ ಅಂಚಿನಲ್ಲಿ ನೀಲಿ ಶಾಯಿಯಲ್ಲಿ ಬರೆದಿಟ್ಟಳು. ಆ ಹಾಳೆಯನ್ನು ನಾನು ಅನಂತರ ಎಷ್ಟು ಸಲ ನೋಡಿದ್ದೇನೋ. ಅಕ್ಷರ ಸ್ಪಷ್ಟ, ಸಮಯ ಸ್ಪಷ್ಟ, ಪಕ್ಕದಲ್ಲಿ ನನ್ನ ಸಹಿ.

ವಿಷಯ ಹೊರಬಿದ್ದದ್ದು 19 ದಿನಗಳ ನಂತರ, ಆ ಸಂಸ್ಥೆಯ ಮಾಲೀಕರೇ ‘ಈ ಸಲ ಹಣ ತಡವಾಯಿತಲ್ಲ’ ಎಂದು ತಮ್ಮ ಮೊಬೈಲಿನಿಂದ ನನಗೆ ಕರೆ ಮಾಡಿದಾಗ. ನಾವು ಪಾವತಿಸಿದ್ದೇವೆ ಎಂದೆ. ಬಂದಿಲ್ಲ ಎಂದರು. ಖಾತೆಯ ಕೊನೆಯ ನಾಲ್ಕು ಅಂಕಿಗಳನ್ನು ಹೇಳಿದೆ. ಆ ಕಡೆ ಕೆಲವು ಕ್ಷಣ ಮೌನ. ‘ಅಂಥ ಖಾತೆ ನಮ್ಮದಿಲ್ಲ’ ಎಂದರು. ನಮ್ಮ ಬ್ಯಾಂಕಿನವರು ಹಣ ವಾಪಸು ಕೋರಿ ಆ ಬ್ಯಾಂಕಿಗೆ ಬರೆದರು. ಹಣ ಬಂದ ಮಧ್ಯಾಹ್ನವೇ ತುಂಡು ತುಂಡಾಗಿ ಬೇರೆ ಖಾತೆಗಳಿಗೆ ಹೋಗಿತ್ತು.

ಆ ಹುಡುಗಿ ಆಮೇಲೆ ಹಲವು ತಿಂಗಳು ಯಾವ ಪಾವತಿಗೂ ಒಬ್ಬಳೇ ಸಹಿ ಹಾಕಲು ಹೆದರುತ್ತಿದ್ದಳು. ಕರೆ ಮಾಡಲಿಲ್ಲ ಎಂದು ಅವಳನ್ನು ಯಾರೂ ದೂರುವಂತಿರಲಿಲ್ಲ. ಕರೆ ಮಾಡಿದ್ದಳು. ಕಳ್ಳನಿಗೇ ಕರೆ ಮಾಡಿ, ನೀನು ಕಳ್ಳನೇ ಎಂದು ಕೇಳುವ ಸ್ಥಿತಿಗೆ ನಮ್ಮ ವ್ಯವಸ್ಥೆ ಅವಳನ್ನು ತಂದಿತ್ತು. ಆ ವ್ಯವಸ್ಥೆಯಲ್ಲಿ ನನ್ನ ಪಾಲೂ ಇದೆ.

ಈಗ ನಿಮ್ಮ ಇಮೇಲ್‌ಗೆ ಬರುತ್ತೇನೆ. ದೂರವಾಣಿಯ ಮೂಲಕ ಖಚಿತಪಡಿಸಿಕೊಳ್ಳುವುದರ ಬಲ ಇರುವುದು ದೂರವಾಣಿಯಲ್ಲಿ ಅಲ್ಲ. ಸುದ್ದಿ ಬಂದ ದಾರಿ ಒಂದು, ಅದನ್ನು ಪರೀಕ್ಷಿಸುವ ದಾರಿ ಇನ್ನೊಂದು ಎಂಬುದರಲ್ಲಿ ಇದೆ. ಇಮೇಲ್‌ನ ದಾರಿಯಲ್ಲಿ ಕಳ್ಳ ಕುಳಿತಿರಬಹುದು ಎಂಬ ಅನುಮಾನವೇ ಕರೆ ಮಾಡಲು ಕಾರಣ. ಹಾಗಿರುವಾಗ ಕರೆ ಮಾಡಬೇಕಾದ ಸಂಖ್ಯೆ ಅದೇ ಇಮೇಲ್‌ನಿಂದ ಬಂದರೆ, ಎರಡನೆಯ ದಾರಿಯೂ ಅದೇ ಕಳ್ಳನ ಮನೆ ಬಾಗಿಲಿಗೇ ಹೋಗುತ್ತದೆ. ನೀವು ಪ್ರಾಮಾಣಿಕರು, ನಿಮ್ಮ ಸಂಖ್ಯೆ ಸರಿಯಾದದ್ದೇ ಎಂಬುದು ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ಪತ್ರ ಓದುವ ನಮಗೆ ಅದು ಗೊತ್ತಾಗುವ ಬಗೆ ಇಲ್ಲ. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಪ್ರಾಮಾಣಿಕ ಸಂಸ್ಥೆಗಳೆಲ್ಲ ಇಮೇಲ್‌ನಲ್ಲೇ ಸಂಖ್ಯೆ ಕೊಟ್ಟು ‘ಇದಕ್ಕೆ ಕರೆ ಮಾಡಿ’ ಎಂದು ಬರೆಯುತ್ತಾ ಹೋದರೆ, ನಮ್ಮ ವಿಭಾಗಗಳಲ್ಲಿ ಹೊಸದಾಗಿ ಸೇರಿದವರು ಇದೇ ಸರಿಯಾದ ಪದ್ಧತಿ ಎಂದು ಕಲಿಯುತ್ತಾರೆ. ನಾಳೆ ಕಳ್ಳನೂ ಅದೇ ಮಾದರಿಯಲ್ಲಿ ಬರೆದಾಗ ಅವರಿಗೆ ಏನೂ ವಿಚಿತ್ರವಾಗಿ ಕಾಣುವುದಿಲ್ಲ. ನೀವು ಅರಿಯದೆಯೇ ಅವನಿಗೆ ದಾರಿ ಹದ ಮಾಡಿ ಕೊಟ್ಟಂತೆ ಆಗುತ್ತದೆ.

‘ನಮ್ಮ ಇಮೇಲ್ ವಿಳಾಸ ನೋಡಿದರೆ ಸಾಲದೇ?’ ಎಂದು ಕಳೆದ ತಿಂಗಳು ಆ ಸಂಸ್ಥೆಯ ಅಧಿಕಾರಿ ನನ್ನನ್ನು ಕೇಳಿದರು. ಸಾಲದು. ವಿಳಾಸ ಕಣ್ಣಿಗೆ ಕಾಣುವಷ್ಟು ಸರಳವಲ್ಲ. ಈ ಎರಡು ಸಾಲುಗಳನ್ನು ನೋಡಿ:

```
From: accounts@firm.example
Reply-To: accounts@firrn.example
```

ಮೊದಲನೆಯದು ಪರದೆಯ ಮೇಲೆ ಕಾಣುವ ವಿಳಾಸ. ಎರಡನೆಯದು ನಾವು ಉತ್ತರ ಬರೆದಾಗ ಅದು ಹೋಗಿ ತಲುಪುವ ವಿಳಾಸ. ಎರಡನೆಯದರಲ್ಲಿ m ಇಲ್ಲ, r ಮತ್ತು n ಅಕ್ಕಪಕ್ಕದಲ್ಲಿ ಇವೆ. ಚಿಕ್ಕ ಅಕ್ಷರಗಳಲ್ಲಿ, ದಿನಕ್ಕೆ ನೂರು ಇಮೇಲ್ ಓದಿದ ಕಣ್ಣಿಗೆ, ಅವು ಒಂದೇ ಅಕ್ಷರ. ನಿಮ್ಮ ತಂತ್ರಜ್ಞರು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ರಕ್ಷಣೆಗಳನ್ನು ಅಳವಡಿಸಿರಬಹುದು. ಅಳವಡಿಸದಿದ್ದರೆ ದಯವಿಟ್ಟು ಅಳವಡಿಸಿ. ಬೇರೆ ಯಾರೋ ನಿಮ್ಮ ಡೊಮೇನ್ ಹೆಸರನ್ನು ಹಾಗೆಯೇ ಹಾಕಿಕೊಂಡು ಕಳುಹಿಸುವುದನ್ನು ಅವು ತಡೆಯುತ್ತವೆ. ಆದರೆ ನಿಮ್ಮದನ್ನು ಹೋಲುವ ಇನ್ನೊಂದು ಹೆಸರನ್ನು ಕಳ್ಳ ಕೊಂಡು, ಅದಕ್ಕೂ ಅವೇ ರಕ್ಷಣೆಗಳನ್ನು ಸರಿಯಾಗಿ ಅಳವಡಿಸಿದರೆ ಅವು ಏನೂ ಹೇಳುವುದಿಲ್ಲ. ನಮ್ಮ ಪ್ರಕರಣದಲ್ಲಿ ಆದಂತೆ ನಿಮ್ಮದೇ ಉದ್ಯೋಗಿಯ ಇನ್‌ಬಾಕ್ಸ್‌ನಿಂದ ಇಮೇಲ್ ಹೊರಟರಂತೂ ಎಲ್ಲ ಪರೀಕ್ಷೆಗಳಲ್ಲೂ ಅದು ಅಸಲಿ ಎಂದೇ ಪಾಸಾಗುತ್ತದೆ. ತಾಂತ್ರಿಕವಾಗಿ ಅದು ಅಸಲಿಯೇ.

ದೊಡ್ಡವರಿಗೆ ಹೀಗಾಗುವುದಿಲ್ಲ ಎಂದುಕೊಳ್ಳಬೇಡಿ. 2013ರಿಂದ 2015ರವರೆಗೆ ಲಿಥುವೇನಿಯಾದ ಎವಾಲ್ಡಾಸ್ ರಿಮಾಸೌಸ್ಕಾಸ್ ಎಂಬಾತ ಗೂಗಲ್ ಮತ್ತು ಫೇಸ್‌ಬುಕ್ ಎರಡನ್ನೂ ಇದೇ ಬಗೆಯಲ್ಲಿ ವಂಚಿಸಿದ. ಆ ಎರಡು ಸಂಸ್ಥೆಗಳಿಗೂ ಯಂತ್ರಾಂಶ ಒದಗಿಸುತ್ತಿದ್ದ ತೈವಾನಿನ ಕ್ವಾಂಟಾ ಕಂಪ್ಯೂಟರ್ ಎಂಬ ನಿಜವಾದ ಕಂಪನಿಯ ಹೆಸರಿನಲ್ಲೇ ಲಾಟ್ವಿಯಾದಲ್ಲಿ ಇನ್ನೊಂದು ಕಂಪನಿಯನ್ನು ನೋಂದಾಯಿಸಿ, ಆ ಹೆಸರಿನಲ್ಲಿ ಬ್ಯಾಂಕ್ ಖಾತೆಗಳನ್ನು ತೆರೆದ. ಹಣ ಅಲ್ಲಿಗೆ ಕಳುಹಿಸಿ ಎಂದು ಇಮೇಲ್‌ಗಳು ಹೋದವು, ಜೊತೆಗೆ ನಕಲಿ ಬಿಲ್ಲು, ನಕಲಿ ಕರಾರು. 12 ಕೋಟಿ ಡಾಲರಿಗೂ ಹೆಚ್ಚು ಹಣ ಹೋಯಿತು. 2019ರಲ್ಲಿ ಆತ ತಪ್ಪೊಪ್ಪಿಕೊಂಡ, ನ್ಯೂಯಾರ್ಕಿನ ನ್ಯಾಯಾಲಯ ಐದು ವರ್ಷ ಸೆರೆವಾಸ ವಿಧಿಸಿತು. ಇಲ್ಲಿ ಗಮನಿಸಬೇಕಾದದ್ದು ಖಾತೆಯ ಹೆಸರು. ಖಾತೆ ನಿಜವಾಗಿಯೂ ಆ ಕಂಪನಿಯ ಹೆಸರಿನಲ್ಲೇ ಇತ್ತು. ಹೆಸರು ತಾಳೆಯಾಯಿತು ಎಂದ ಮಾತ್ರಕ್ಕೆ ಮನುಷ್ಯ ತಾಳೆಯಾದಂತೆ ಅಲ್ಲ.

ಇದನ್ನು ಹೇಳಲು ಕಾರಣವಿದೆ. ಖಾತೆ ಸಂಖ್ಯೆಯ ಜೊತೆ ಹೆಸರನ್ನೂ ತಾಳೆ ನೋಡಿ, ಹೊಂದದಿದ್ದರೆ ಹಣ ಕಳುಹಿಸುವ ಮೊದಲೇ ಎಚ್ಚರಿಸುವ ವ್ಯವಸ್ಥೆ ಬ್ರಿಟನ್ನಿನ ದೊಡ್ಡ ಬ್ಯಾಂಕುಗಳಲ್ಲಿ 2020ರಲ್ಲಿ ಬಂತು, ಯೂರೋ ಬಳಸುವ ದೇಶಗಳಲ್ಲಿ 2025ರ ಅಕ್ಟೋಬರಿನಲ್ಲಿ ಕಡ್ಡಾಯವಾಯಿತು. ಅದು ಬಹಳ ಒಳ್ಳೆಯ ವ್ಯವಸ್ಥೆ. ಅದು ಬರುವ ಮೊದಲು ಹಣ ಕೇವಲ ಸಂಖ್ಯೆಯನ್ನು ನಂಬಿ ಹೋಗುತ್ತಿತ್ತು, ಮೇಲೆ ಬರೆದ ಹೆಸರನ್ನು ಯಾರೂ ಓದುತ್ತಿರಲಿಲ್ಲ. ಗಡಿ ದಾಟುವ ಎಷ್ಟೋ ಪಾವತಿಗಳಲ್ಲಿ ಈಗಲೂ ಹಾಗೆಯೇ. ಆದರೂ ಹೋಲುವ ಹೆಸರಿನ ಕಂಪನಿಯನ್ನು ನೋಂದಾಯಿಸಿದವನನ್ನು ಈ ತಾಳೆ ಹಿಡಿಯಲಾರದು.

ಖಾತೆ ಸಂಖ್ಯೆಯನ್ನು ಕಂಪ್ಯೂಟರ್ ‘ಸರಿಯಾಗಿದೆ’ ಎಂದು ಸ್ವೀಕರಿಸಿತು ಎಂಬುದೂ ಇಂಥದ್ದೇ ಸುಳ್ಳು ಸಮಾಧಾನ. ಅನೇಕ ದೇಶಗಳಲ್ಲಿ ಬಳಸುವ ಐಬ್ಯಾನ್ ಸಂಖ್ಯೆಯಲ್ಲಿ ದೇಶದ ಎರಡು ಅಕ್ಷರಗಳ ನಂತರ ಎರಡು ಪರೀಕ್ಷಾ ಅಂಕಿಗಳಿವೆ. ಈ ಮೊದಲ ನಾಲ್ಕು ಸ್ಥಾನಗಳನ್ನು ಕೊನೆಗೆ ಸರಿಸಿ, ಅಕ್ಷರಗಳನ್ನು ಅಂಕಿಗಳಾಗಿ ಬದಲಿಸಿ ಇಡೀ ಸಂಖ್ಯೆಯನ್ನು 97ರಿಂದ ಭಾಗಿಸಿದಾಗ 1 ಶೇಷ ಉಳಿಯಬೇಕು, ಉಳಿಯದಿದ್ದರೆ ಎಲ್ಲೋ ಬೆರಳು ತಪ್ಪಿದೆ ಎಂದರ್ಥ. ಅದು ಹಿಡಿಯುವುದು ಕೈತಪ್ಪನ್ನು ಮಾತ್ರ. ಕಳ್ಳನ ಖಾತೆಯ ಸಂಖ್ಯೆಯೂ ಅಷ್ಟೇ ಚೆನ್ನಾಗಿ 97ರಿಂದ ಭಾಗವಾಗಿ 1 ಉಳಿಸುತ್ತದೆ.

ಇನ್ನು ಕೆಲವರು ‘ಮೊದಲು ಒಂದು ಸಣ್ಣ ಮೊತ್ತ ಕಳುಹಿಸಿ ನೋಡಿ’ ಎನ್ನುತ್ತಾರೆ. ಸಣ್ಣ ಮೊತ್ತ ತಲುಪಿತು ಎಂದು ಇಮೇಲ್‌ನಲ್ಲಿ ಉತ್ತರ ಬಂದರೆ ಅದು ತಲುಪಿದ್ದು ಯಾರಿಗೆ? ಆ ಪರೀಕ್ಷೆಗೆ ಅರ್ಥ ಬರುವುದು ಒಂದೇ ಸಂದರ್ಭದಲ್ಲಿ. ಬಿಡಿಬಿಡಿಯಾದ ಒಂದು ವಿಚಿತ್ರ ಮೊತ್ತವನ್ನು ಕಳುಹಿಸಿ, ಅದು ಎಷ್ಟು ಎಂದು ಯಾರಿಗೂ ಬರೆಯದೆ, ನಮಗೆ ಮೊದಲಿನಿಂದ ಗೊತ್ತಿರುವ ಸಂಖ್ಯೆಗೆ ಕರೆ ಮಾಡಿ ‘ಎಷ್ಟು ಬಂದಿದೆ, ಹೇಳಿ’ ಎಂದು ಕೇಳಬೇಕು. ಕೊನೆಗೆ ಮತ್ತೆ ಬಂದು ನಿಲ್ಲುವುದು ಆ ಸಂಖ್ಯೆಯ ಬಳಿಯೇ.

ಹಾಗಾದರೆ ‘ಮೊದಲಿನಿಂದ ಗೊತ್ತಿರುವ ಸಂಖ್ಯೆ’ ಎಂದರೆ ಯಾವುದು? ಆ ನಷ್ಟದ ನಂತರ ನಾವು ಇದಕ್ಕೆ ನಿಯಮ ಮಾಡಿಕೊಂಡಿದ್ದೇವೆ. ಕರಾರಿಗೆ ಸಹಿ ಹಾಕಿದ ದಿನ ಅದರಲ್ಲಿ ಬರೆದಿದ್ದ ಸಂಖ್ಯೆ, ಅಥವಾ ಅವರ ಕಚೇರಿಗೆ ಹೋಗಿ ಬಂದವರು ಕೈಯಾರೆ ತಂದ ಸಂಖ್ಯೆ. ಇಮೇಲ್‌ನ ಕೊನೆಯಲ್ಲಿ ಸಹಿಯ ಕೆಳಗೆ ಇರುವುದು ಅಲ್ಲ, ಈಚಿನ ಬಿಲ್ಲಿನ ಮೇಲೆ ಮುದ್ರಿಸಿದ್ದೂ ಅಲ್ಲ, ಏಕೆಂದರೆ ಬಿಲ್ಲನ್ನೂ ತಿದ್ದಬಹುದು. ಕಡತದಲ್ಲಿ ದೂರವಾಣಿ ಸಂಖ್ಯೆ ಈಚೆಗೆ ಬದಲಾಗಿದ್ದರೆ ಬದಲಾವಣೆಗೆ ಮುಂಚಿನದಕ್ಕೇ ಕರೆ ಮಾಡಬೇಕು. ಈಗ ನಮ್ಮಲ್ಲಿ ದೂರವಾಣಿ ಸಂಖ್ಯೆ ಬದಲಾಯಿಸಲೂ ಖಾತೆ ಸಂಖ್ಯೆಯಷ್ಟೇ ಬಿಗಿಯಾದ ಒಪ್ಪಿಗೆ ಬೇಕು. ಹಳೆಯ ಸಂಖ್ಯೆಯನ್ನು ಅಳಿಸುವುದಿಲ್ಲ, ಪಕ್ಕದಲ್ಲಿ ತಾರೀಖು ಹಾಕಿ ಉಳಿಸಿಕೊಳ್ಳುತ್ತೇವೆ.

ಕರೆ ಮಾಡಿದ ಮೇಲೆ ಮಾತನಾಡುವ ಬಗೆಯನ್ನೂ ಬದಲಾಯಿಸಿಕೊಂಡೆವು. ನಾವು ಖಾತೆ ಸಂಖ್ಯೆಯನ್ನು ಓದುವುದಿಲ್ಲ. ನಾವು ಓದಿದರೆ ಆ ಕಡೆಯವರು ‘ಹೌದು’ ಎಂದರೆ ಮುಗಿಯಿತು. ಬ್ಯುಸಿಯಾಗಿರುವ ಪ್ರಾಮಾಣಿಕ ಗುಮಾಸ್ತರೂ ಎದುರಿಗೆ ಕಾಗದ ಇಲ್ಲದೆಯೇ ‘ಹೌದು’ ಎಂದುಬಿಡುತ್ತಾರೆ. ಅವರೇ ಖಾತೆ ಸಂಖ್ಯೆಯನ್ನು ನಮಗೆ ಓದಿ ಹೇಳಬೇಕು, ನಮ್ಮವರು ಇಮೇಲ್‌ನಲ್ಲಿ ಬಂದದ್ದರೊಂದಿಗೆ ಅಂಕಿ ಅಂಕಿಯಾಗಿ ತಾಳೆ ನೋಡಬೇಕು. ಆ ಕಡೆಯವರೇ ನಮಗೆ ಕರೆ ಮಾಡಿ ‘ಖಾತೆ ಬದಲಾವಣೆ ಖಚಿತಪಡಿಸಲು ಕರೆ ಮಾಡಿದ್ದೇವೆ’ ಎಂದರೆ ಧನ್ಯವಾದ ಹೇಳಿ ಇಡುತ್ತೇವೆ, ನಮ್ಮ ಕಡತದ ಸಂಖ್ಯೆಗೆ ನಾವೇ ಮತ್ತೆ ಕರೆ ಮಾಡುತ್ತೇವೆ. ಪರದೆಯ ಮೇಲೆ ಅವರ ಸಂಖ್ಯೆಯೇ ಕಾಣಿಸಿದರೂ ಹಾಗೆಯೇ ಮಾಡುತ್ತೇವೆ, ಏಕೆಂದರೆ ಒಳಬರುವ ಕರೆಯಲ್ಲಿ ಕಾಣುವ ಸಂಖ್ಯೆಯನ್ನು ನಕಲಿ ಮಾಡಬಹುದು. ಈಗ ಧ್ವನಿಯನ್ನೂ ಮುಖವನ್ನೂ ನಕಲಿ ಮಾಡುತ್ತಾರೆ. 2024ರಲ್ಲಿ ಬೆಳಕಿಗೆ ಬಂದ ಪ್ರಕರಣದಲ್ಲಿ, ಅರುಪ್ ಎಂಬ ಎಂಜಿನಿಯರಿಂಗ್ ಸಂಸ್ಥೆಯ ಹಾಂಗ್‌ಕಾಂಗ್ ಕಚೇರಿಯ ಉದ್ಯೋಗಿಯೊಬ್ಬರು ವಿಡಿಯೊ ಸಭೆಯಲ್ಲಿ ತಮ್ಮ ಹಣಕಾಸು ಮುಖ್ಯಸ್ಥರನ್ನೂ ಸಹೋದ್ಯೋಗಿಗಳನ್ನೂ ಕಂಡೆ ಎಂದು ನಂಬಿ ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್ ಕಳುಹಿಸಿದರು. ಸಭೆಯಲ್ಲಿದ್ದ ಆ ಮುಖಗಳೆಲ್ಲ ಕೃತಕ. ಪರಿಚಿತ ಧ್ವನಿಗಿಂತ, ಕರೆ ಯಾವ ದಿಕ್ಕಿನಿಂದ ಹೊರಟಿತು ಎಂಬುದೇ ಇನ್ನು ಮುಂದೆ ನಮಗೆ ಮುಖ್ಯ.

ಇಷ್ಟೆಲ್ಲ ನಾವು ಮಾಡಿದರೂ ಅರ್ಧ ಕೆಲಸ ನಿಮ್ಮ ಕೈಯಲ್ಲಿದೆ. ಕಳೆದ ತಿಂಗಳ ಆ ನಾಲ್ಕು ದಿನಗಳ ಕತೆ ಕೇಳಿ. ಇಮೇಲ್ ಬಂದಾಗ ನಾವು ಅದರಲ್ಲಿದ್ದ ಸಂಖ್ಯೆಯನ್ನು ಬದಿಗಿಟ್ಟು, 11 ವರ್ಷ ಹಿಂದಿನ ಕರಾರನ್ನು ತೆಗೆದು, ಅದರಲ್ಲಿದ್ದ ಮುಖ್ಯ ಕಚೇರಿಯ ಸಂಖ್ಯೆಗೆ ಕರೆ ಮಾಡಿದೆವು. ಮೊದಲ ದಿನ ಯಾರೂ ಎತ್ತಲಿಲ್ಲ. ಎರಡನೆಯ ದಿನ ಎತ್ತಿದವರಿಗೆ ಖಾತೆ ಬದಲಾದ ವಿಷಯವೇ ಗೊತ್ತಿರಲಿಲ್ಲ. ‘ಹಾಗೇನೂ ಇಲ್ಲವಲ್ಲ, ಯಾರು ಹೇಳಿದರು?’ ಎಂದರು. ನಮ್ಮ ಎದೆ ಝಲ್ಲೆಂದಿತು, ಪಾವತಿಯನ್ನು ತಡೆಹಿಡಿದೆವು. ಮೂರನೆಯ ದಿನ ಸಿಕ್ಕವರು ‘ಇಮೇಲ್‌ನಲ್ಲಿ ಕೊಟ್ಟಿರುವ ಸಂಖ್ಯೆಗೇ ಕರೆ ಮಾಡಿ’ ಎಂದು ಸ್ವಲ್ಪ ಬೇಸರದಿಂದಲೇ ಹೇಳಿದರು. ನಾಲ್ಕನೆಯ ದಿನ ಅವರ ಹಣಕಾಸು ಅಧಿಕಾರಿ ಸಿಕ್ಕಿ, ಸಂಖ್ಯೆಯನ್ನು ಓದಿ ಹೇಳಿದರು. ನಾವು ಎಚ್ಚರಿಕೆಯಿಂದ ಇದ್ದುದಕ್ಕೆ ಅವರ ಕಚೇರಿಯೇ ಸಿದ್ಧವಿರಲಿಲ್ಲ. ನಮ್ಮಷ್ಟು ತಾಳ್ಮೆ ಇಲ್ಲದವರು ಎರಡನೆಯ ದಿನವೇ ಇಮೇಲ್‌ನಲ್ಲಿದ್ದ ಸಂಖ್ಯೆಗೆ ಕರೆ ಮಾಡಿ ಕೈತೊಳೆದುಕೊಳ್ಳುತ್ತಿದ್ದರು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಖಾತೆ ಬದಲಾಯಿಸುವ ಮೊದಲು, ನಿಮ್ಮ ಮುಖ್ಯ ಸಂಖ್ಯೆಗೆ ಬರುವ ಕರೆಗಳನ್ನು ಎತ್ತುವವರನ್ನು ಕೂರಿಸಿಕೊಂಡು ವಿಷಯ ತಿಳಿಸಿ. ಅಂಥ ಕರೆ ಬಂದರೆ ಯಾರಿಗೆ ವರ್ಗಾಯಿಸಬೇಕು ಎಂದು ಇಬ್ಬರ ಹೆಸರನ್ನು ಅವರ ಮೇಜಿನ ಮೇಲೆ ಬರೆದಿಡಿ. ಆ ಇಬ್ಬರ ಮುಂದೆ ಹೊಸ ಖಾತೆಯ ಸಂಖ್ಯೆ ಕಾಗದದಲ್ಲಿ ಇರಲಿ. ಬದಲಾವಣೆಯ ಪತ್ರವನ್ನು ತಿಂಗಳ ಕೊನೆಯ ವಾರದಲ್ಲಿ, ಎಲ್ಲರೂ ಪಾವತಿಯ ಒತ್ತಡದಲ್ಲಿ ಇರುವಾಗ ಕಳುಹಿಸಬೇಡಿ. ಅವಸರವೇ ಕಳ್ಳನ ದೊಡ್ಡ ಆಯುಧ. ಹಳೆಯ ಖಾತೆಯನ್ನು ಕೆಲವು ತಿಂಗಳಾದರೂ ಮುಚ್ಚದೆ ತೆರೆದಿಡಿ, ಅದನ್ನು ಪತ್ರದಲ್ಲಿ ಹೇಳಿ. ಆಗ ನಮಗೆ ಅನುಮಾನ ಬಂದರೆ ಹಳೆಯ ಖಾತೆಗೇ ಹಣ ಹಾಕಿ ನಿಶ್ಚಿಂತೆಯಿಂದ ಇರಬಹುದು. ಪಾವತಿ ತಡವಾದೀತು ಎಂಬ ಭಯದಿಂದ ಅಪರಿಚಿತ ಖಾತೆಗೆ ಹಾಕುವ ಪ್ರಮೇಯ ಇರುವುದಿಲ್ಲ. ಈ ಒಂದು ಏರ್ಪಾಡು ನಿಮಗೆ ಸ್ವಲ್ಪ ಖರ್ಚು ತರಬಹುದು. ಆದರೆ ನನ್ನ ಅನುಭವದಲ್ಲಿ ಇದಕ್ಕಿಂತ ಉಪಯುಕ್ತವಾದದ್ದು ಇನ್ನೊಂದಿಲ್ಲ.

ಪತ್ರವನ್ನಂತೂ ಹೀಗೆ ಬರೆಯಬಹುದು:

‘ಮಾನ್ಯರೇ, ನಾವು ಮುಂದಿನ ತಿಂಗಳಿನಿಂದ ಬ್ಯಾಂಕ್ ಬದಲಾಯಿಸುತ್ತಿದ್ದೇವೆ. ಹೊಸ ಖಾತೆಯ ಸಂಖ್ಯೆಯನ್ನು ಉದ್ದೇಶಪೂರ್ವಕವಾಗಿಯೇ ಈ ಇಮೇಲ್‌ನಲ್ಲಿ ಕೊಟ್ಟಿಲ್ಲ, ಮುಂದೆಯೂ ಇಮೇಲ್‌ನಲ್ಲಿ ಕಳುಹಿಸುವುದಿಲ್ಲ. ನಮ್ಮ ದೂರವಾಣಿ ಸಂಖ್ಯೆಯನ್ನೂ ಇಲ್ಲಿ ಬರೆದಿಲ್ಲ. ನಿಮ್ಮ ಕಡತದಲ್ಲಿ, ನಮ್ಮ ಮೂಲ ಕರಾರಿನಲ್ಲಿ ಇರುವ ಸಂಖ್ಯೆಗೆ ಕೆಲಸದ ದಿನಗಳಲ್ಲಿ ಕರೆ ಮಾಡಿ, ಲೆಕ್ಕಪತ್ರ ವಿಭಾಗವನ್ನು ಕೇಳಿ. ಹೊಸ ಖಾತೆಯ ವಿವರವನ್ನು ನಮ್ಮವರು ನಿಮಗೆ ಓದಿ ಹೇಳುತ್ತಾರೆ. ಅದು ಆಗುವವರೆಗೆ ಹಳೆಯ ಖಾತೆಗೇ ಪಾವತಿಸಿ, ಅದು ಇನ್ನೂ ಆರು ತಿಂಗಳು ತೆರೆದಿರುತ್ತದೆ. ಪರಿಶೀಲನೆಯಿಂದ ಪಾವತಿ ತಡವಾದರೆ ನಾವು ಬಡ್ಡಿ ಅಥವಾ ದಂಡ ಕೇಳುವುದಿಲ್ಲ. ನಮ್ಮ ಹೆಸರಿನಲ್ಲಿ ಬೇರೆ ಖಾತೆ ಸಂಖ್ಯೆ ಇರುವ ಇಮೇಲ್ ಬಂದರೆ ಅದಕ್ಕೆ ಉತ್ತರಿಸಬೇಡಿ, ದಯವಿಟ್ಟು ನಮಗೆ ಕರೆ ಮಾಡಿ ತಿಳಿಸಿ.’

ಈ ಪತ್ರವನ್ನು ಕಳ್ಳ ನಕಲು ಮಾಡಿಕೊಂಡರೆ ಅವನಿಗೆ ಏನು ಸಿಗುತ್ತದೆ ಎಂದು ಒಮ್ಮೆ ಯೋಚಿಸಿ. ಇದರಲ್ಲಿ ಖಾತೆ ಸಂಖ್ಯೆ ಇಲ್ಲ, ದೂರವಾಣಿ ಸಂಖ್ಯೆ ಇಲ್ಲ. ಇದ್ದದ್ದನ್ನು ಇದ್ದಂತೆಯೇ ಕಳುಹಿಸಿದರೆ ನಮ್ಮನ್ನು ನೇರವಾಗಿ ನಿಮ್ಮ ಬಳಿಗೇ ಕಳುಹಿಸಿದಂತೆ ಆಗುತ್ತದೆ. ಎರಡರಲ್ಲಿ ಒಂದನ್ನಾದರೂ ಅವನು ಸೇರಿಸಲೇಬೇಕು, ಸೇರಿಸಿದ ಕೂಡಲೇ ಅದು ನಿಮ್ಮ ಪತ್ರಕ್ಕಿಂತ ಬೇರೆಯಾಗಿ ಕಾಣುತ್ತದೆ.

ನಿಮ್ಮಲ್ಲಿ ಗ್ರಾಹಕರು ಸಾವಿರಗಟ್ಟಲೆ ಇದ್ದರೆ ಪ್ರತಿಯೊಬ್ಬರಿಗೂ ಖಾತೆ ಸಂಖ್ಯೆ ಓದಿ ಹೇಳುವುದು ಕಷ್ಟ ಎಂಬುದು ನನಗೆ ಗೊತ್ತು. ಅಂಥವರು ಇಮೇಲ್‌ನಲ್ಲಿ ಹೊಸ ಖಾತೆಯ ಕೊನೆಯ ಮೂರು ಅಂಕಿಗಳನ್ನು ಮಾತ್ರ ಕೊಟ್ಟು, ಪೂರ್ತಿ ಸಂಖ್ಯೆಯನ್ನು ಗ್ರಾಹಕರು ಲಾಗಿನ್ ಆಗಿ ನೋಡುವ ತಾಣದಲ್ಲಿ ಇಡಬಹುದು, ಅಥವಾ ಅಂಚೆಯಲ್ಲಿ ಕಾಗದ ಕಳುಹಿಸಬಹುದು. ಲಾಗಿನ್ ತಾಣಕ್ಕೆ ಹೋಗುವ ಕೊಂಡಿಯನ್ನು ಮಾತ್ರ ಇಮೇಲ್‌ನಲ್ಲಿ ಹಾಕಬೇಡಿ. ದೊಡ್ಡ ಮೊತ್ತ ಪಾವತಿಸುವವರು ಸಾಮಾನ್ಯವಾಗಿ ಕೆಲವೇ ಮಂದಿ ಇರುತ್ತಾರೆ. ಅವರಿಗಾದರೂ ಫೋನಿನ ಏರ್ಪಾಡು ಇರಲಿ.

ಇನ್ನೊಂದು ಮಾತು, ಗ್ರಾಹಕರು ಯಾರಾದರೂ ಹಣ ತಪ್ಪಾದ ಖಾತೆಗೆ ಹೋಯಿತು ಎಂದು ನಿಮಗೆ ಕರೆ ಮಾಡಿದರೆ ತಪ್ಪು ಯಾರದು ಎಂಬ ಚರ್ಚೆಯನ್ನು ನಾಳೆಗೆ ಇಟ್ಟುಕೊಳ್ಳಿ. ಆ ಕ್ಷಣವೇ ಅವರು ತಮ್ಮ ಬ್ಯಾಂಕಿಗೆ ಕರೆ ಮಾಡಿ ಹಣ ತಡೆಯಲು ಕೇಳಬೇಕು, ಪೊಲೀಸರಿಗೆ ದೂರು ಕೊಡಬೇಕು. ಅಮೆರಿಕದ ಎಫ್‌ಬಿಐ ಬಳಿ ವಿದೇಶಕ್ಕೆ ಹೋದ ಇಂಥ ಹಣವನ್ನು ತಡೆಯುವ ಒಂದು ಪ್ರಕ್ರಿಯೆ ಇದೆ. ಅದಕ್ಕೆ ಇಟ್ಟಿರುವ ಅವಧಿ 72 ಗಂಟೆ. ನಮಗೆ ಗೊತ್ತಾದದ್ದು 19 ದಿನಗಳ ಮೇಲೆ. ನಿಮ್ಮ ಕಡೆಯೂ ಆಗಲೇ ಕೆಲಸ ಶುರುವಾಗಬೇಕು. ಬಿಲ್ಲು ಕಳುಹಿಸುವವರ ಇನ್‌ಬಾಕ್ಸ್ ತೆರೆದು ಅದರಲ್ಲಿ ಯಾರೂ ಬರೆಯದ ನಿಯಮಗಳೇನಾದರೂ ಇವೆಯೇ, ಇಮೇಲ್‌ಗಳು ಬೇರೆ ವಿಳಾಸಕ್ಕೆ ತಾವಾಗಿಯೇ ಹೋಗುತ್ತಿವೆಯೇ ಎಂದು ನೋಡಿ. ಪಾಸ್‌ವರ್ಡ್ ಬದಲಾಯಿಸಿ, ಆದರೆ ಪಾಸ್‌ವರ್ಡ್ ಬದಲಾಯಿಸಿದ ಮಾತ್ರಕ್ಕೆ ಆ ನಿಯಮ ಹೋಗುವುದಿಲ್ಲ. ಅದನ್ನು ಹುಡುಕಿ ಕೈಯಾರೆ ಅಳಿಸಬೇಕು. ನಮ್ಮ ಪೂರೈಕೆದಾರರ ಕಡೆ ಪಾಸ್‌ವರ್ಡ್ ಬದಲಾದ ಮೇಲೂ ಹತ್ತು ದಿನ ನಮ್ಮ ಪತ್ರಗಳು ಅದೇ ಫೋಲ್ಡರಿಗೆ ಹೋಗಿ ಬೀಳುತ್ತಿದ್ದವು. ಕಳವಾದದ್ದರ ಬಗ್ಗೆ ನಾವು ಬರೆದ ದೂರಿನ ಪತ್ರವೂ ಅಲ್ಲಿಯೇ ಇತ್ತು.

ಆ ಕಿರಿಯ ಸಹೋದ್ಯೋಗಿ ಈಗ ನಮ್ಮ ವಿಭಾಗದಲ್ಲಿ ಖಾತೆ ಬದಲಾವಣೆಗಳ ಪರಿಶೀಲನೆಯ ಹೊಣೆ ಹೊತ್ತಿದ್ದಾಳೆ. ನಾನೇ ಕೇಳಿಕೊಂಡೆ, ಅವಳು ಒಪ್ಪಿಕೊಂಡಳು. ನಿಮ್ಮ ಇಮೇಲ್ ಬಂದ ದಿನ ಅವಳು ಅದರಲ್ಲಿರುವ ಯಾವ ಸಂಖ್ಯೆಯನ್ನೂ ನೋಡುವುದಿಲ್ಲ. ಕಪಾಟಿನಿಂದ ನಿಮ್ಮ ಹಳೆಯ ಕರಾರನ್ನು ತೆಗೆದು, ಕೊನೆಯ ಪುಟದಲ್ಲಿ ನಿಮ್ಮ ಸಹಿಯ ಕೆಳಗೆ ಇರುವ ಸಂಖ್ಯೆಗೆ ಕರೆ ಮಾಡುತ್ತಾಳೆ. ಆ ಫೋನನ್ನು ಎತ್ತಲು, ವಿಷಯ ಗೊತ್ತಿರುವ ಒಬ್ಬರನ್ನು ದಯವಿಟ್ಟು ಅಲ್ಲಿ ಕೂರಿಸಿ.

ಇಂತಿ,
ನಿಮಗೆ ಹಣ ಪಾವತಿಸುವ ಒಂದು ಲೆಕ್ಕಪತ್ರ ವಿಭಾಗದ ಉದ್ಯೋಗಿ